ಕಚೇರಿಯ ವೈಫೈನಲ್ಲಿ ಕದಲದ ಸ್ಕೋರು

ಕ್ರಿಕೆಟ್ ಸ್ಕೋರಿನ ಪುಟ ಕಚೇರಿಯ ವೈಫೈನಲ್ಲಿ ಸರಿಯಾಗಿಯೇ ತೆರೆದುಕೊಂಡು, ಆಮೇಲೆ ಒಂದೇ ಅಂಕಿಯಲ್ಲಿ ನಿಂತುಬಿಡುವುದುಂಟು. ರಿಫ್ರೆಶ್ ಒತ್ತಿದರೆ ಹೊಸ ಸ್ಕೋರು ಬರುತ್ತದೆ, ಮತ್ತೆ ನಿಲ್ಲುತ್ತದೆ. ಮೊಬೈಲ್ ಡೇಟಾಗೆ ಬದಲಿಸಿದರೆ ಅದೇ ಪುಟ ತಾನಾಗಿ ಓಡುತ್ತದೆ. ಹಾಗಿದ್ದರೆ ತಪ್ಪು ಪುಟದ್ದಲ್ಲ, ನಡುವೆ ಕೂತ ಪ್ರಾಕ್ಸಿ ಅಥವಾ ಫೈರ್‌ವಾಲ್‌ನದು ಎಂದು ಶಂಕಿಸಬಹುದು.

ರಿಫ್ರೆಶ್ ಮಾಡಿದಾಗ ಬ್ರೌಸರ್ ಕೇಳುತ್ತದೆ, ಸರ್ವರ್ ಉತ್ತರಿಸುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಕೇಳದೆಯೇ ಸ್ಕೋರು ಬರಬೇಕಾದರೆ ಸಂಪರ್ಕ ತೆರೆದೇ ಇರಬೇಕು. ಅನೇಕ ತಾಣಗಳು ಇದಕ್ಕೆ ಬಳಸುವುದು 2011ರಲ್ಲಿ ಪ್ರಮಾಣಿತವಾದ ವೆಬ್‌ಸಾಕೆಟ್ ವಿಧಾನವನ್ನು. ಅದರ ಆರಂಭ ಸಾಮಾನ್ಯ ವೆಬ್ ಕೋರಿಕೆಯಂತೆಯೇ ಇದ್ದು, ಜೊತೆಗೆ ಈ ಎರಡು ಸಾಲುಗಳಿರುತ್ತವೆ:

```
Connection: Upgrade
Upgrade: websocket
```

ಸರ್ವರ್ `101 Switching Protocols` ಎಂದು ಒಪ್ಪಿದ ಮೇಲೆ ಎರಡೂ ಕಡೆಯವರು ಬೇಕಾದಾಗ ಸಂದೇಶ ಕಳಿಸಬಹುದು.

ತೊಡಕಿರುವುದು ಈ ಎರಡು ಸಾಲುಗಳಲ್ಲೇ. ವೆಬ್‌ನ ನಿಯಮದಂತೆ ಅವು ಪಕ್ಕದ ಯಂತ್ರಕ್ಕೆ ಮಾತ್ರ ಹೇಳಿದ ಮಾತು, ಮುಂದಕ್ಕೆ ದಾಟಿಸುವಂಥದ್ದಲ್ಲ. ವೆಬ್‌ಸಾಕೆಟ್ ಅರಿಯದ ಪ್ರಾಕ್ಸಿ ಅವನ್ನು ಕಿತ್ತುಹಾಕಿ ಉಳಿದದ್ದನ್ನು ಕಳಿಸುತ್ತದೆ. ನಿಯಮ ಪಾಲಿಸಿಯೇ ಅದು ಕೆಲಸ ಕೆಡಿಸುತ್ತದೆ ಎನ್ನಬೇಕು. `101` ಬಾರದೆ ಬ್ರೌಸರ್ ಸುಮ್ಮನಾಗುತ್ತದೆ. ವಿಳಾಸ `wss://` ಎಂದು ಶುರುವಾದರೆ ಸಂದೇಶವೆಲ್ಲ ಗೂಢಲಿಪಿಯಲ್ಲಿ ಹೋಗುವುದರಿಂದ ಪ್ರಾಕ್ಸಿ ಒಳಗೆ ಕೈಹಾಕಲಾರದು, ಸಾಮಾನ್ಯವಾಗಿ ದಾರಿ ಸುಗಮ. ಆದರೆ ಕೆಲವು ಸಂಸ್ಥೆಗಳ ಪ್ರಾಕ್ಸಿ ತಪಾಸಣೆಗಾಗಿ ಗೂಢಲಿಪಿಯನ್ನೂ ಬಿಚ್ಚಿ ನೋಡುತ್ತದೆ. ಅಲ್ಲಿ ಹಳೆಯ ತೊಂದರೆ ಮರಳಬಹುದು.

ಇನ್ನೊಂದು ಬಗೆಯದು ಪತ್ತೆಗೆ ಹೆಚ್ಚು ಕಷ್ಟ. ಸಂಪರ್ಕ ಕೂಡಿಕೊಳ್ಳುತ್ತದೆ, ಆದರೆ ಮೌನ ಉದ್ದವಾದರೆ ಫೈರ್‌ವಾಲ್ ಅದನ್ನು ತನ್ನ ಪಟ್ಟಿಯಿಂದ ಅಳಿಸಿಬಿಡುತ್ತದೆ, ಎಷ್ಟೋ ಸಲ ಯಾರಿಗೂ ತಿಳಿಸದೆ. ಪುಟ ತಾನಿನ್ನೂ ಸಂಪರ್ಕದಲ್ಲಿದ್ದೇನೆಂದೇ ತೋರಿಸುತ್ತಿರುತ್ತದೆ. ಸರ್ವರ್ ಕಡೆಯಲ್ಲೂ ಇಂಥದೇ ಗಡುವು ಇರಬಹುದು. ಸರ್ವರ್ ಮುಂದೆ ನಿಲ್ಲಿಸುವ ಎನ್‌ಜಿನ್‌ಎಕ್ಸ್ ಪ್ರಾಕ್ಸಿಯಲ್ಲಿ ಅದು, ಬದಲಿಸದಿದ್ದರೆ, 60 ಸೆಕೆಂಡು. ಸರ್ವರ್‌ನ ಕೊನೆಯ ಸಂದೇಶ 10 ಗಂಟೆ 20 ಸೆಕೆಂಡಿಗೆ ಬಂದು ಆಮೇಲೆ ಏನೂ ಬಾರದಿದ್ದರೆ, 10 ಗಂಟೆ 1 ನಿಮಿಷ 20 ಸೆಕೆಂಡಿಗೆ ಕೊಂಡಿ ಕಳಚುತ್ತದೆ. ಇದು ಮೊಬೈಲ್ ಡೇಟಾದಲ್ಲೂ ಕಾಣುವ ದೋಷವಾದ್ದರಿಂದ ಕಚೇರಿಯ ಜಾಲವನ್ನು ದೂರುವಂತಿಲ್ಲ.

ಎರಡನ್ನೂ ಬೇರ್ಪಡಿಸಲು ಬ್ರೌಸರಿನಲ್ಲಿ `F12` ಒತ್ತಿ, ಪುಟವನ್ನು ರಿಫ್ರೆಶ್ ಮಾಡಿ, `Network` ಅಡಿಯ `WS` ನೋಡಬೇಕು. `101` ಇಲ್ಲದಿದ್ದರೆ ತಡೆ ಬಾಗಿಲಲ್ಲೇ ಇದೆ. `101` ಇದ್ದು, ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ಹೊತ್ತಿನ ಮೌನದ ನಂತರ ಕಡಿದರೆ ಕಾರಣ ಗಡುವು. ಅದಕ್ಕೆ ಮದ್ದು, ಗಡುವಿಗೆ ಮೊದಲೇ, ಉದಾಹರಣೆಗೆ 30 ಸೆಕೆಂಡಿಗೊಮ್ಮೆ, ಸರ್ವರ್ ಒಂದು ಪುಟ್ಟ ಪಿಂಗ್ ಕಳಿಸುವುದು. ಬ್ರೌಸರಿನ ಜಾವಾಸ್ಕ್ರಿಪ್ಟ್‌ಗೆ ಪಿಂಗ್ ಕಳಿಸುವ ಸೌಲಭ್ಯವಿಲ್ಲ. ಬಾಗಿಲಲ್ಲೇ ತಡೆದಾಗ ಪಿಂಗ್‌ನಿಂದ ಏನೂ ಆಗದು. ಜಾಲದ ಉಸ್ತುವಾರಿಯವರು ಅನುಮತಿಸಬೇಕು, ಇಲ್ಲವೇ ಪುಟವೇ ಕೆಲವು ಸೆಕೆಂಡಿಗೊಮ್ಮೆ ಸಾಮಾನ್ಯ ಕೋರಿಕೆಯಿಂದ ಸ್ಕೋರು ಕೇಳುವಂತೆ ಬರೆದಿರಬೇಕು.