ಅಮುಲ್ ಹುಡುಗಿಗೆ ಮೂಗೇಕಿಲ್ಲ?

ಮಂಡಿಯೂರಿ ಕೈಮುಗಿದು ಕುಳಿತ ಪುಟ್ಟ ಹುಡುಗಿ. ಒಂದು ಕಣ್ಣು ಭಕ್ತಿಯಿಂದ ಮುಚ್ಚಿದೆ, ಇನ್ನೊಂದು ಬೆಣ್ಣೆಯ ಪೊಟ್ಟಣದ ಮೇಲಿದೆ. ಅಮುಲ್‌ನ ಶುರುವಿನ ಹೋರ್ಡಿಂಗ್‌ಗಳಲ್ಲಿ ಒಂದಾದ ಈ ಚಿತ್ರ 1966ರ ಕಾಲದ್ದು. ಜಾಹೀರಾತು ರೂಪಿಸಿದವರು ಸಿಲ್ವೆಸ್ಟರ್ ಡಾಕುನ್ಹಾ, ಹುಡುಗಿಗೆ ರೂಪ ಕೊಟ್ಟವರು ಕಲಾವಿದ ಯೂಸ್ಟೇಸ್ ಫರ್ನಾಂಡಿಸ್. ಒಂದು ಮ್ಯಾಸ್ಕಾಟ್ ಚೆನ್ನಾಗಿದೆಯೇ ಎಂದು ಅಳೆಯುವುದು ಹೇಗೆಂದು ತಿಳಿಯಲು ಇವಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ನೋಡಬೇಕಾದದ್ದು ಗುರುತು. ಚಿತ್ರಕ್ಕೆ ಪೂರ್ತಿ ಕಪ್ಪು ಬಳಿದು, ಬರೀ ಹೊರರೇಖೆ ಉಳಿಸಿ ಬೇರೆಯವರಿಗೆ ತೋರಿಸಬೇಕು. ನೆತ್ತಿಯ ಮೇಲೆ ಕಟ್ಟಿದ ಜುಟ್ಟು, ದೇಹಕ್ಕೆ ಹೋಲಿಸಿದರೆ ದೊಡ್ಡದಾದ ತಲೆ, ಅಗಲಿಸಿದ ಫ್ರಾಕು ಇಷ್ಟರಿಂದಲೇ ಇವಳು ಗೊತ್ತಾಗುತ್ತಾಳೆ. ಆಮೇಲೆ ಅದೇ ಚಿತ್ರವನ್ನು ಹೆಬ್ಬೆರಳಿನ ಉಗುರಿನಷ್ಟಕ್ಕೆ ಕುಗ್ಗಿಸಿ ನೋಡಬೇಕು. ಹೆಚ್ಚಿನ ಚಿತ್ರಗಳು ಸೋಲುವುದು ಇಲ್ಲೇ: ಕೈಯಲ್ಲಿ ಹಿಡಿದ ವಸ್ತು, ಎದೆಯ ಮೇಲಿನ ಅಕ್ಷರ, ತೆಳು ಗೆರೆಗಳೆಲ್ಲ ಕಲಸಿಹೋಗುತ್ತವೆ.

ಇನ್ನೂ ಕಠಿಣವಾದ ಪರೀಕ್ಷೆಯೊಂದಿದೆ. ಅಮುಲ್ ಹುಡುಗಿ ಸುದ್ದಿಗೆ ತಕ್ಕಂತೆ ಕ್ರಿಕೆಟಿಗಳಾಗುತ್ತಾಳೆ, ಸಿನಿಮಾ ನಾಯಕಿಯಾಗುತ್ತಾಳೆ. ಆಗ ಚುಕ್ಕಿ ಫ್ರಾಕು ಮಾಯ. ಆದರೂ ನೀಲಿ ಕೂದಲು, ದೊಡ್ಡ ಕಣ್ಣುಗಳಿಂದ ಅವಳು ಅವಳೇ. ಬಟ್ಟೆ ಕಳಚಿದೊಡನೆ ಗುರುತೂ ಹೋದರೆ ಆ ಮ್ಯಾಸ್ಕಾಟ್ ನಿಂತಿರುವುದು ವೇಷದ ಮೇಲೆ ಎಂದರ್ಥ.

ಎರಡನೆಯದು ಭಾವ. ಕಲಾವಿದರಿಂದ ಸಂತೋಷ, ದುಃಖ, ಕೋಪ, ಅಚ್ಚರಿ, ಭಯ, ತುಂಟತನ ಹೀಗೆ ಆರು ಮುಖಗಳನ್ನು ಒಂದೇ ಹಾಳೆಯಲ್ಲಿ ಬರೆಸಿ, ಹೆಸರು ಹೇಳದೆ ನೋಡುಗರಿಂದ ಊಹಿಸಬೇಕು. ಕೋಪ, ಭಯ ಒಂದೇ ಥರ ಕಂಡರೆ ಹುಬ್ಬು, ಬಾಯಿಗಳಿಗೆ ಓಡಾಡಲು ಜಾಗವಿಲ್ಲ ಎಂದು ತಿಳಿಯಬೇಕು. 2023ರಲ್ಲಿ ಡಾಕುನ್ಹಾ ತೀರಿಕೊಂಡಾಗ ಅಮುಲ್ ಪ್ರಕಟಿಸಿದ್ದು ಅಳುವ ಹುಡುಗಿಯ ಚಿತ್ರ. ಬೆಣ್ಣೆಗೆ ಆಸೆಪಟ್ಟ ಅದೇ ಮುಖ ಶೋಕವನ್ನೂ ಹೊತ್ತಿತು. ಹಾಗೆಂದು ಮುಖವೇ ಬದಲಾಗಬೇಕೆಂದಿಲ್ಲ. ಜಪಾನಿನ ಕುಮಾಮೊತೊ ಪ್ರಾಂತ್ಯದ ಕಪ್ಪು ಕರಡಿ ಕುಮಾಮೊನ್‌ಗೆ ಇರುವುದು ಬೆರಗಾದ ಒಂದೇ ಮುಖ. ಅದರ ಭಾವವೆಲ್ಲ ಕೈಕಾಲು, ನಡಿಗೆಯಲ್ಲಿದೆ. ಆದರೆ ಹೋರ್ಡಿಂಗ್ ಮೇಲಿನ ಹುಡುಗಿ ನಡೆಯಲಾರಳು, ಅವಳಿಗೆ ಮುಖವೇ ಗತಿ.

ಸರಳತೆಯ ವಿಷಯಕ್ಕೆ ಬಂದರೆ ಮೂಗಿನ ಮಾತು. ಆಗ ಹೋರ್ಡಿಂಗ್‌ಗಳನ್ನು ಕೈಯಿಂದಲೇ ಬರೆಯುತ್ತಿದ್ದರು, ಮತ್ತೆ ಮತ್ತೆ ಬದಲಿಸಬೇಕಿತ್ತು. ಸುಲಭವಾಗಿ ಬರೆಯಲು ಬರುವ, ನೆನಪಿನಲ್ಲಿ ಉಳಿಯುವ ಹುಡುಗಿ ಬೇಕೆಂಬುದು ವರ್ಗೀಸ್ ಕುರಿಯನ್ ಅವರ ಬೇಡಿಕೆಯಾಗಿತ್ತು. ಇವಳ ಮುಖದಲ್ಲಿ ಮೂಗಿಲ್ಲ, ಅದರ ಕೊರತೆ ಯಾರಿಗೂ ಕಾಡಿಲ್ಲ. ಪರೀಕ್ಷೆಯೂ ಹೀಗೇ: ಒಂದೊಂದೇ ಗೆರೆ ಅಳಿಸುತ್ತ ಹೋಗಿ, ಗುರುತು ತಪ್ಪಿದ ಕೂಡಲೇ ನಿಲ್ಲಿಸಬೇಕು. ಜುಟ್ಟು ಅಳಿಸಿದರೆ ಯಾವುದೋ ಮಗು ಉಳಿಯುತ್ತದೆ. ಆದ್ದರಿಂದ ಜುಟ್ಟು ಬೇಕು, ಮೂಗು ಬೇಡ.

ಶಾಲೆಗೋ ಕ್ರೀಡಾಕೂಟಕ್ಕೋ ಮ್ಯಾಸ್ಕಾಟ್ ಮಾಡಿಸುವವರು ಬಣ್ಣದ ಚಿತ್ರ ನೋಡಿ ಒಪ್ಪಿಗೆ ಕೊಡಬೇಡಿ. ಕಪ್ಪು ಆಕೃತಿಯನ್ನೂ ಆರು ಮುಖಗಳನ್ನೂ ಮೊದಲು ಕೇಳಿ.