ಅಂಚಿನ ಮೇಲೊಂದು ಬೆಳಕಿನ ಗೆರೆ

ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಒಂದನ್ನು ಕಿಟಕಿಯ ಬಳಿ ಇಟ್ಟು ಅದರ ಅಂಚುಗಳನ್ನಷ್ಟೇ ನೋಡಿ. ಮುಂಬದಿ ಮತ್ತು ಮೇಲ್ಬದಿ ಕೂಡುವಲ್ಲಿ ತೆಳ್ಳಗಿನ ಹೊಳೆಯುವ ಗೆರೆಯೊಂದು ಉದ್ದಕ್ಕೂ ಓಡಿರುತ್ತದೆ. ರೇಡಿಯೋವನ್ನು ತುಸು ತಿರುಗಿಸಿದರೂ ಗೆರೆ ಅಳಿಯುವುದಿಲ್ಲ, ಅಂಚಿನ ಮೇಲೆಯೇ ಕೂದಲೆಳೆಯಷ್ಟು ಆಚೀಚೆ ಸರಿಯುತ್ತದೆ. ಕಂಪ್ಯೂಟರಿನಲ್ಲಿ ಅದೇ ರೇಡಿಯೋವನ್ನು ಮೊದಲ ಬಾರಿ ಕಟ್ಟಿದವರು ಅಳತೆ, ಬಣ್ಣ, ದೀಪ ಎಲ್ಲವನ್ನೂ ಸರಿಯಾಗಿ ಕೊಟ್ಟಿದ್ದರೂ ಚಿತ್ರ ಮಾತ್ರ ರಟ್ಟಿನ ಪೆಟ್ಟಿಗೆಯ ಚಿತ್ರವಾಗಿ ಬರುತ್ತದೆ. ಬಹುಪಾಲು ಸಲ ಅಲ್ಲಿ ಇಲ್ಲದಿರುವುದು ಈ ಗೆರೆಯೇ.

ಯಂತ್ರ, ವಾಹನ, ಪೀಠೋಪಕರಣಗಳಂಥ ಗಟ್ಟಿ ವಸ್ತುಗಳನ್ನು ಮೂರು ಆಯಾಮದಲ್ಲಿ ಕಟ್ಟುವುದಕ್ಕೆ ಕಲಾವಿದರು ‘ಹಾರ್ಡ್ ಸರ್ಫೇಸ್ ಮಾಡೆಲಿಂಗ್’ ಎನ್ನುತ್ತಾರೆ. ಅದರ ಅರ್ಧದಷ್ಟು ಶ್ರಮ ಅಂಚುಗಳ ಮೇಲೆಯೇ ಹೋಗುತ್ತದೆ ಎಂದರೆ ಉತ್ಪ್ರೇಕ್ಷೆ ಎನಿಸಬಹುದು, ಆದರೆ ಕೆಲಸಕ್ಕೆ ಕೂತವರಿಗೆ ಅದು ನಿಜವೆಂದು ಬೇಗನೆ ತಿಳಿಯುತ್ತದೆ.

ಅಂಚು ಏಕೆ ಹೊಳೆಯುತ್ತದೆ? ಮೇಲ್ಮೈಯ ಪ್ರತಿ ಬಿಂದುವಿನಿಂದಲೂ ಅದು ಮುಖ ಮಾಡಿರುವ ದಿಕ್ಕಿಗೆ ಒಂದು ಬಾಣ ಹೊರಟಿದೆ ಎಂದುಕೊಳ್ಳಿ. ಆ ಬಾಣಕ್ಕೆ ನಾರ್ಮಲ್ ಎಂದು ಹೆಸರು. ಸಪಾಟಾದ ಬದಿಯಲ್ಲಿ ಎಲ್ಲ ಬಾಣಗಳೂ ಒಂದೇ ಕಡೆಗಿರುತ್ತವೆ. ಹಾಗಾಗಿ ದೂರದ ದೀಪದ ಹೊಳಪನ್ನು ಅದು ಇಡಿಯಾಗಿ ಕಣ್ಣಿಗೆ ಕಳಿಸುತ್ತದೆ, ಇಲ್ಲವೇ ಕಳಿಸುವುದೇ ಇಲ್ಲ. ಅಂಚಿನ ಕಥೆ ಬೇರೆ. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ಕಾಗಲಿ, ಮಡಚಿದ ತಗಡಾಗಲಿ, ಬಡಗಿ ಉಜ್ಜಿದ ಮರವಾಗಲಿ, ಅಂಚು ಚೂರಾದರೂ ಉರುಟಾಗಿಯೇ ಇರುತ್ತದೆ. ಒಂದೆರಡು ಮಿಲಿಮೀಟರಿನ ಆ ಉರುಟಿನಲ್ಲಿ ಬಾಣ 90 ಡಿಗ್ರಿ ಹೊರಳುತ್ತದೆ. ಹಾಗೆ ಹೊರಳುವಾಗ ಎಲ್ಲೋ ಒಂದು ಕಡೆ ಅದು ಕೋಣೆಯ ಯಾವುದಾದರೊಂದು ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುವ ದಿಕ್ಕಿಗೆ ಬಂದೇ ಬರುತ್ತದೆ. ಅದೇ ಗೆರೆಯಾಗಿ ಕಾಣುತ್ತದೆ. ಕಂಪ್ಯೂಟರಿನ ಪೆಟ್ಟಿಗೆಯ ಅಂಚಿಗಾದರೋ ಅಗಲವೇ ಇಲ್ಲ. ಬಾಣ ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಒಮ್ಮೆಲೇ ಜಿಗಿಯುತ್ತದೆ, ಬೆಳಕು ನಿಲ್ಲಲು ಜಾಗವಿರುವುದಿಲ್ಲ.

ಇಲ್ಲಿಗೆ ಸ್ಮೂತ್ ಶೇಡಿಂಗ್ ಬರುತ್ತದೆ. ಕಡಿಮೆ ಫಲಕಗಳಿಂದ ಕಟ್ಟಿದ ಆಕಾರವನ್ನೂ ನುಣುಪಾಗಿ ತೋರಿಸುವ ಈ ಉಪಾಯ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. 1971ರಲ್ಲಿ ಆನ್ರಿ ಗೂರೋ ಮೂಲೆಬಿಂದುಗಳಲ್ಲಿ ಬೆಳಕಿನ ಪ್ರಮಾಣವನ್ನು ಲೆಕ್ಕಹಾಕಿ ನಡುವಿನ ಜಾಗಕ್ಕೆ ಹರಡುವ ವಿಧಾನವನ್ನು ಕೊಟ್ಟರು. ಕೆಲವೇ ವರ್ಷಗಳಲ್ಲಿ ಬುಯಿ ತುವಾಂಗ್ ಫಾಂಗ್ ಬೆಳಕಿನ ಬದಲು ಬಾಣಗಳನ್ನೇ ಹರಡಿದರು. ಇಂದಿಗೂ ತಂತ್ರದ ತಿರುಳು ಅದೇ: ಒಂದು ಮೂಲೆಬಿಂದುವಿಗೆ ತಾಗಿದ ಫಲಕಗಳ ದಿಕ್ಕುಗಳ ಸರಾಸರಿ ತೆಗೆದು ಆ ಬಿಂದುವಿನ ಬಾಣವನ್ನು ನಿರ್ಧರಿಸುವುದು, ಒಂದು ಬಿಂದುವಿನಿಂದ ಇನ್ನೊಂದಕ್ಕೆ ಆ ಬಾಣವನ್ನು ಮೆಲ್ಲಗೆ ಹೊರಳಿಸುತ್ತಾ ಹೋಗುವುದು. ಆಕಾರ ಕದಲುವುದಿಲ್ಲ, ಬದಲಾಗುವುದು ಬೆಳಕಿನ ಲೆಕ್ಕ ಮಾತ್ರ.

ಚೆಂಡಿಗೆ, ಮುಖಕ್ಕೆ ಇದು ವರ. ಪೆಟ್ಟಿಗೆಗೆ ಹಾಗಲ್ಲ. ಘನಾಕೃತಿಯ ಮೂಲೆಯಲ್ಲಿ ಮೂರು ಬದಿಗಳು ಕೂಡುತ್ತವೆ. ಸರಾಸರಿ ಬಾಣ ಮೂರಕ್ಕೂ ನಡುವೆ ನಿಂತು ಪ್ರತಿ ಬದಿಯ ನಿಜವಾದ ದಿಕ್ಕಿನಿಂದ ಸುಮಾರು 55 ಡಿಗ್ರಿ ವಾಲುತ್ತದೆ. ಬದಿಯ ನಡುವೆ ಬೇರೆ ಬಿಂದುಗಳೇ ಇಲ್ಲದ್ದರಿಂದ ಆ ವಾಲು ಇಡೀ ಬದಿಗೆ ಹರಡುತ್ತದೆ. ಗೆರೆ ಎಳೆದಂತೆ ನೇರವಾಗಿರುವ ಹಲಗೆ ಊದಿಕೊಂಡಂತೆ ಕಾಣುತ್ತದೆ, ಅದರ ಮೇಲೆ ಮಸಿ ಬಳಿದಂಥ ನೆರಳುಗಳು ಮೂಡುತ್ತವೆ.

ರೇಡಿಯೋವನ್ನೇ ಕಟ್ಟೋಣ. ಉಚಿತವಾಗಿ ಸಿಗುವ ಬ್ಲೆಂಡರ್ ತಂತ್ರಾಂಶ ಸಾಕು. ಉದ್ದ 24 ಸೆಂ.ಮೀ., ಎತ್ತರ 15, ದಪ್ಪ 6. ಬ್ಲೆಂಡರ್ ಆರಂಭದಲ್ಲಿ ಕೊಡುವ ಘನ 2 ಮೀಟರಿನದು. ಅದನ್ನು ಉದ್ದಕ್ಕೆ 0.12, ದಪ್ಪಕ್ಕೆ 0.03, ಎತ್ತರಕ್ಕೆ 0.075 ಪಟ್ಟು ಮಾಡಿದರೆ ಅಳತೆ ಬರುತ್ತದೆ. ಆದರೆ ಬೆವೆಲ್‌ಗೆ ಕೈಹಾಕುವ ಮುನ್ನ Ctrl+A ಒತ್ತಿ Scale ಆರಿಸಬೇಕು. ಇದನ್ನು ಮರೆತರೆ ತಂತ್ರಾಂಶ ಮೂಲ ಘನದ ಮೇಲೆ ಅಂಚು ಕತ್ತರಿಸಿ, ಆಮೇಲೆ ಅದನ್ನು ಕುಗ್ಗಿಸಿ ತೋರಿಸುತ್ತದೆ. ಆಗ ಒಂದೇ ಅಂಚಿನ ಕತ್ತರಿಕೆ ಉದ್ದದ ಕಡೆ ದಪ್ಪದ ಕಡೆಗಿಂತ ನಾಲ್ಕು ಪಟ್ಟು ಅಗಲವಾಗುತ್ತದೆ. ಬೆವೆಲ್ ಒಂದು ಬದಿಗೆ ಎಳೆದಂತೆ ಕಂಡರೆ ಮೊದಲು ನೋಡಬೇಕಾದದ್ದು ಇದನ್ನೇ.

ಬೆವೆಲ್ ಎಂದರೆ ಅಂಚನ್ನು ಸವರಿ, ಆ ಜಾಗದಲ್ಲಿ ಒಂದು ಕಿರಿದಾದ ಪಟ್ಟಿಯನ್ನು ಕೂರಿಸುವುದು. ಅಂಚುಗಳನ್ನು ಆರಿಸಿ Ctrl+B ಒತ್ತಿ 2 ಮಿ.ಮೀ. ಕೊಡಿ, ಪಟ್ಟಿ ಒಂದೇ ಸಾಕು. ಈಗ Shade Smooth ಮಾಡಿದರೆ ಅಂಚಿಗೆ ಗೆರೆ ಬಂದಿರುತ್ತದೆ, ಆದರೆ ಮುಂಬದಿಯ ಮೇಲೆ ಮಬ್ಬು ನೆರಳೂ ಉಳಿದಿರುತ್ತದೆ. ಕಾರಣ ಮತ್ತದೇ ಸರಾಸರಿ. ಮುಂಬದಿಯ ಮೂಲೆಬಿಂದು ಈಗ ದೊಡ್ಡ ಹಲಗೆಗೂ ಸೇರಿದೆ, ಪಕ್ಕದ ಓರೆ ಪಟ್ಟಿಗಳಿಗೂ ಸೇರಿದೆ. ಬಾಣ ಪಟ್ಟಿಗಳ ಕಡೆಗೆ ವಾಲುತ್ತದೆ, ವಾಲು ಹಲಗೆಯುದ್ದಕ್ಕೂ ಹರಡುತ್ತದೆ.

ಇದನ್ನು ತಡೆಯುವ ಹಳೆಯ ದಾರಿ ಸಪೋರ್ಟ್ ಲೂಪ್. ಬೆವೆಲ್‌ನ ಪಕ್ಕದಲ್ಲೇ, ಸಪಾಟು ಹಲಗೆಯ ಮೇಲೆ, ಅಂಚಿಗೆ ಸಮಾನಾಂತರವಾಗಿ ಇನ್ನೊಂದು ಸುತ್ತು ಗೆರೆ ಹಾಕುವುದು. ಆ ಗೆರೆಯ ಬಿಂದುಗಳಿಗೆ ತಾಗಿದ ಫಲಕಗಳೆಲ್ಲ ಒಂದೇ ದಿಕ್ಕಿನವು. ಹಾಗಾಗಿ ಅಲ್ಲಿ ಸರಾಸರಿ ತೆಗೆದರೂ ಬಾಣ ನೆಟ್ಟಗೇ ನಿಲ್ಲುತ್ತದೆ. ಗದ್ದೆಯ ಬದು ನೀರನ್ನು ತಡೆಯುವಂತೆ ಈ ಗೆರೆ ವಾಲನ್ನು ಅಂಚಿನ ಪಕ್ಕದ ಕಿರುಪಟ್ಟಿಯಲ್ಲೇ ತಡೆಯುತ್ತದೆ. ಮಿಕ್ಕ ಹಲಗೆ ಸಪಾಟಾಗಿ ಬೆಳಗುತ್ತದೆ.

ಎರಡನೆಯ ದಾರಿ ಲೆಕ್ಕವನ್ನೇ ತಿದ್ದುವುದು. ಸರಾಸರಿ ತೆಗೆಯುವಾಗ ದೊಡ್ಡ ಫಲಕದ ಮಾತಿಗೆ ಹೆಚ್ಚು ತೂಕ, ಚಿಕ್ಕದಕ್ಕೆ ಕಡಿಮೆ. ಬ್ಲೆಂಡರ್‌ನಲ್ಲಿ ಇದಕ್ಕೆ Weighted Normal ಎಂಬ ಮಾಡಿಫೈಯರ್ ಇದೆ. ಬೆವೆಲ್ ಅನ್ನೂ ಮಾಡಿಫೈಯರ್ ಆಗಿಯೇ ಹಾಕಿದ್ದರೆ ಇದು ಪಟ್ಟಿಯಲ್ಲಿ ಅದರ ಕೆಳಗಿರಬೇಕು. ಮುಂಬದಿ ದೊಡ್ಡದು, ಓರೆ ಪಟ್ಟಿ ಚಿಕ್ಕದು. ಹಾಗಾಗಿ ಮೂಲೆಬಿಂದುವಿನ ಬಾಣ ಮುಂಬದಿಯನ್ನೇ ಅನುಸರಿಸುತ್ತದೆ, ಹೊರಳುವಿಕೆಯೆಲ್ಲ 2 ಮಿಲಿಮೀಟರಿನ ಪಟ್ಟಿಯೊಳಗೆ ಮುಗಿಯುತ್ತದೆ. ಒಂದು ಗೆರೆಯನ್ನೂ ಹೆಚ್ಚಿಗೆ ಹಾಕದೆ ಸಿಗುವ ಈ ಫಲ ನನಗೆ ಈ ಕಸುಬಿನ ಅತ್ಯಂತ ಸೊಗಸಾದ ಸಂಗತಿಗಳಲ್ಲಿ ಒಂದು.

ಆಟಗಳಿಗೆ ಮಾಡೆಲ್ ಕಟ್ಟುವವರು ಇದನ್ನು ನೆಚ್ಚುವುದಕ್ಕೆ ಇನ್ನೊಂದು ಕಾರಣವಿದೆ. ಚೂಪು ಅಂಚಿನ ಘನಕ್ಕೆ 8 ಮೂಲೆಗಳು. ಆದರೆ ಪ್ರತಿ ಮೂಲೆಯಲ್ಲೂ ಮೂರು ಬೇರೆ ಬೇರೆ ಬಾಣಗಳು ಬೇಕಾಗುವುದರಿಂದ ಗ್ರಾಫಿಕ್ಸ್ ಕಾರ್ಡ್ ಅದನ್ನು 24 ಬಿಂದುಗಳಾಗಿ ಇಟ್ಟುಕೊಳ್ಳುತ್ತದೆ. ಒಂದು ಪಟ್ಟಿಯ ಬೆವೆಲ್ ಇರುವ ನುಣುಪು ಘನಕ್ಕೂ ಬೇಕಾಗುವುದು 24 ಬಿಂದುಗಳೇ. ತ್ರಿಕೋನಗಳು 12ರಿಂದ 44ಕ್ಕೆ ಏರುತ್ತವೆ ನಿಜ, ಬಿಂದುಗಳ ಲೆಕ್ಕದಲ್ಲಿ ಮಾತ್ರ ಅಂಚಿನ ಹೊಳಪು ಬಿಟ್ಟಿಯಾಗಿ ಬಂದಂತೆ. ಇದಕ್ಕೊಂದು ಮಿತಿಯೂ ಇದೆ. ಬೆಳಕಿನಲ್ಲಿ ಉರುಟಾಗಿ ಕಂಡರೂ ಆ ಪಟ್ಟಿ ಅಸಲಿಗೆ ಸಪಾಟು. ಕ್ಯಾಮೆರಾ ಹತ್ತಿರ ಬಂದಾಗ ಹೊರರೇಖೆಯಲ್ಲಿ ಮೂಲೆ ಕತ್ತರಿಸಿದ್ದು ಕಂಡುಬಿಡುತ್ತದೆ. ಹತ್ತಿರದ ನೋಟವಿದ್ದರೆ ಪಟ್ಟಿಗಳನ್ನು ಎರಡೋ ಮೂರೋ ಮಾಡಬೇಕು.

ಸಿನಿಮಾದ ಕೆಲಸದಲ್ಲಿ ಸಪೋರ್ಟ್ ಲೂಪ್‌ಗೆ ಇನ್ನೂ ದೊಡ್ಡ ಪಾತ್ರ. ಎಡ್ವಿನ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲಿ ಪ್ರಕಟಿಸಿದ ಉಪವಿಭಜನೆಯ ವಿಧಾನ ಪ್ರತಿ ಫಲಕವನ್ನೂ ಮತ್ತೆ ಮತ್ತೆ ಸೀಳಿ, ಬಿಂದುಗಳನ್ನು ಸರಾಸರಿಯ ಕಡೆಗೆ ಸರಿಸುತ್ತದೆ. ಇಲ್ಲಿ ಬದಲಾಗುವುದು ಬೆಳಕಷ್ಟೇ ಅಲ್ಲ, ಆಕಾರವೇ. ಬರಿಯ ಘನವನ್ನು ಅದಕ್ಕೆ ಒಪ್ಪಿಸಿದರೆ ಹೆಚ್ಚುಕಡಿಮೆ ಚೆಂಡಾಗಿ ಹೊರಬರುತ್ತದೆ. ಅಂಚಿನ ಎರಡೂ ಕಡೆ ಸಪೋರ್ಟ್ ಲೂಪ್ ಹಾಕಿದಾಗ ಮಾತ್ರ ಪೆಟ್ಟಿಗೆ ಪೆಟ್ಟಿಗೆಯಾಗಿ ಉಳಿಯುತ್ತದೆ. ಲೂಪ್ ಅಂಚಿಗೆ ಹತ್ತಿರವಿದ್ದಷ್ಟೂ ಅಂಚು ಬಿಗಿ, ದೂರ ಸರಿದಷ್ಟೂ ಮೆದು.

ರೇಡಿಯೋದ ಗುಂಡಿಗೆ ತೂತು ಮಾಡುವಾಗ ಇದೇ ಸರಾಸರಿ ಇನ್ನೊಂದು ರೀತಿಯಲ್ಲಿ ಕಾಡುತ್ತದೆ. 8 ಬಿಂದುಗಳ ವೃತ್ತ ಉಪವಿಭಜನೆಯ ನಂತರ ಚೆನ್ನಾಗಿಯೇ ದುಂಡಗಾಗುತ್ತದೆ, ಆದರೆ ಸುಮಾರು ಹತ್ತನೇ ಒಂದು ಭಾಗ ಕಿರಿದಾಗುತ್ತದೆ. 2 ಸೆಂ.ಮೀ. ಗುಂಡಿಗೆಂದು ಅಳೆದು ಮಾಡಿದ ತೂತು 1.8 ಸೆಂ.ಮೀ. ಆಗಿ ಗುಂಡಿಯೇ ಅದರೊಳಗೆ ಕೂರುವುದಿಲ್ಲ. 16 ಬಿಂದುಗಳಾದರೆ ಕುಗ್ಗುವುದು ನೂರಕ್ಕೆ ಎರಡೂವರೆಯಷ್ಟೇ. ಇಲ್ಲವೇ ಗುಂಡಿಯನ್ನೂ ಅಷ್ಟೇ ಬಿಂದುಗಳಿಂದ ಕಟ್ಟಿದರೆ ಎರಡೂ ಜೊತೆಯಾಗಿ ಕುಗ್ಗುತ್ತವೆ.

ಇನ್ನು ಹೆಚ್ಚು ಜನ ಎಡವುವ ಜಾಗ. ನಮ್ಮ ರೇಡಿಯೋವನ್ನು ಎದುರಿನಿಂದ ನೋಡಿದಾಗ ನಾಲ್ಕು ಮೂಲೆಗಳೂ 2 ಸೆಂ.ಮೀ. ತ್ರಿಜ್ಯದಲ್ಲಿ ದುಂಡಗಿವೆ ಎಂದುಕೊಳ್ಳಿ. ಸ್ಟೇಷನ್ ಹುಡುಕುವ ಆಯತಾಕಾರದ ಕಿಂಡಿ ಮೂಲೆಯೊಂದರ ಹತ್ತಿರವಿದೆ. ಕಿಂಡಿಯ ಅಂಚನ್ನು ಬಿಗಿಮಾಡಲು Ctrl+R ಒತ್ತಿ ಲೂಪ್ ಎಳೆದರೆ ಅದು ಕಿಂಡಿಯ ಬಳಿಯೇ ನಿಲ್ಲುವುದಿಲ್ಲ. ಮುಂಬದಿಯನ್ನು ದಾಟಿ, ದುಂಡು ಮೂಲೆಯನ್ನು ಸೀಳಿಕೊಂಡು, ಇಡೀ ಪೆಟ್ಟಿಗೆಯನ್ನು ಸುತ್ತಿಬರುತ್ತದೆ. ಮೂಲೆಯ ತಿರುವಿನಲ್ಲಿ ಸಮ ದೂರದಲ್ಲಿದ್ದ ಬಿಂದುಗಳ ನಡುವೆ ಹೊಸದೊಂದು ನುಗ್ಗಿ, ತಿರುವು ಅಲ್ಲಿ ಚಿವುಟಿದಂತಾಗುತ್ತದೆ. ಗೆರೆಗಳನ್ನು ನೋಡುತ್ತಿರುವಾಗ ಇದು ಗಮನಕ್ಕೇ ಬರುವುದಿಲ್ಲ. ಹೊಳೆಯುವ ಲೋಹದಂಥ ಮ್ಯಾಟ್‌ಕ್ಯಾಪ್ ಹಾಕಿ ಮಾಡೆಲನ್ನು ನಿಧಾನವಾಗಿ ತಿರುಗಿಸಬೇಕು. ದುಂಡು ಮೂಲೆಯ ಮೇಲೆ ಸರಾಗವಾಗಿ ಜಾರಬೇಕಾದ ಪ್ರತಿಫಲನ ಒಂದು ಕಡೆ ತಡವರಿಸಿ ಸೊಟ್ಟಗಾದರೆ ದೋಷ ಅಲ್ಲಿದೆ. ಪರಿಹಾರವೆಂದರೆ ಕಿಂಡಿಯ ಸುತ್ತಲೇ ಮುಚ್ಚಿಕೊಳ್ಳುವ ಲೂಪ್. ಕಿಂಡಿಯ ಜಾಗವನ್ನು ಕೊಂಚ ದೊಡ್ಡದಾಗಿ ಗುರುತು ಮಾಡಿಕೊಂಡು, ಅದರೊಳಗೆ I ಒತ್ತಿ ಇನ್‌ಸೆಟ್ ಮಾಡಿದರೆ ಹೊರಗಿನ ಚೌಕಟ್ಟೇ ಸಪೋರ್ಟ್ ಲೂಪ್ ಆಗುತ್ತದೆ, ತಿರುವಿಗೆ ಹೊಸ ಬಿಂದುವೇನೂ ಬೀಳುವುದಿಲ್ಲ. ಅಷ್ಟಾದರೂ ಸಪಾಟು ಹಲಗೆಯಲ್ಲಿ ಕ್ಷಮಿಸಬಹುದಾದ ಅಡ್ಡಾದಿಡ್ಡಿ ಗೆರೆಗಳನ್ನು ಬಾಗಿದ ಮೇಲ್ಮೈ ಕ್ಷಮಿಸುವುದಿಲ್ಲ. ಆದ್ದರಿಂದ ಕಿಂಡಿ, ತೂತುಗಳ ಗೆರೆಗಳನ್ನು ಸಪಾಟಿನಲ್ಲೇ ಬಗೆಹರಿಸಿಕೊಂಡು ಬಾಗಿದ ಭಾಗವನ್ನು ಅದರ ಪಾಡಿಗೆ ಬಿಡುವುದು ಲೇಸು.

ಕೊನೆಯದಾಗಿ ಬೆವೆಲ್ ಎಷ್ಟು ಅಗಲವಿರಬೇಕು ಎಂಬ ಪ್ರಶ್ನೆ. ಉತ್ತರ ವಸ್ತುವಿನಲ್ಲಿ ಅರ್ಧ, ಚಿತ್ರದಲ್ಲಿ ಅರ್ಧ ಇರುತ್ತದೆ. ರೇಡಿಯೋ ಚಿತ್ರದಲ್ಲಿ 1200 ಪಿಕ್ಸೆಲ್ ಅಗಲಕ್ಕೆ ಕಂಡರೆ 2 ಮಿ.ಮೀ. ಅಂಚಿಗೆ 10 ಪಿಕ್ಸೆಲ್ ಸಿಗುತ್ತದೆ, ಗೆರೆ ಸ್ಪಷ್ಟವಾಗಿ ಮೂಡುತ್ತದೆ. ಅದೇ ರೇಡಿಯೋ ಕಪಾಟಿನ ಮೂಲೆಯಲ್ಲಿ 120 ಪಿಕ್ಸೆಲ್ ಅಗಲಕ್ಕೆ ನಿಂತಿದ್ದರೆ ಅಂಚಿಗೆ ದಕ್ಕುವುದು ಒಂದೇ ಪಿಕ್ಸೆಲ್. ಕ್ಯಾಮೆರಾ ಅಲುಗಿದಾಗ ಗೆರೆ ಮಿಣಮಿಣ ಎನ್ನುತ್ತದೆ ಅಥವಾ ಕಾಣೆಯಾಗುತ್ತದೆ. ಅಂಥ ಕಡೆ 3 ಅಥವಾ 4 ಮಿ.ಮೀ.ಗೆ ಹಿಗ್ಗಿಸುವುದು ಮೋಸವಲ್ಲ, ದೂರದಿಂದ ನೋಡುವ ಕಣ್ಣಿಗೆ ಅಷ್ಟು ಬೇಕು. ಒಂದೇ ರೇಡಿಯೋದಲ್ಲೂ ಅಳತೆಗಳು ಬೇರೆ ಬೇರೆ. ಮೈಯ ಅಂಚಿಗೆ 2 ಮಿ.ಮೀ., ಗುಂಡಿಯ ಅಂಚಿಗೆ ಅರ್ಧ, ಮುಂದಿನ ಮತ್ತು ಹಿಂದಿನ ಪ್ಲಾಸ್ಟಿಕ್ ಭಾಗಗಳು ಕೂಡುವ ಸಂದಿಗೆ ಇನ್ನೂ ಕಡಿಮೆ. ಎಲ್ಲ ಅಂಚಿಗೂ ಒಂದೇ ಅಗಲ ಕೊಟ್ಟರೆ ಹೊಳಪೇನೋ ಬರುತ್ತದೆ, ಆದರೆ ಯಾವ ಭಾಗ ಅಚ್ಚಿನಿಂದ ಬಂದದ್ದು, ಯಾವುದು ಕಡೆದು ಕೂರಿಸಿದ್ದು ಎಂಬ ಗುರುತು ಉಳಿಯುವುದಿಲ್ಲ.