ಬೋರ್ಡಿನ ಮೇಲಿನ ಮೊದಲ ಪದ

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಪ್ರೆಸ್ ಶಾಪುಗಳು ಬಹಳ. ಉಕ್ಕಿನ ಶೀಟಿಗೆ ತೂತು ಹೊಡೆದು, ಬಗ್ಗಿಸಿ, ವಾಷರ್, ಕ್ಲಾಂಪು, ಬ್ರಾಕೆಟ್ ಮಾಡುವ ಜಾಗಗಳು ಇವು. ಇಂಥ ಶಾಪಿನಲ್ಲಿ ವಿದ್ಯುತ್ ಪ್ಯಾನೆಲ್ ಮೇಲೆ ‘ಎಚ್ಚರಿಕೆ’, ಎಣ್ಣೆ ಚೆಲ್ಲುವ ನೆಲದ ಪಕ್ಕ ‘ಎಚ್ಚರಿಕೆ’, ಪ್ರೆಸ್ಸಿನ ಮೇಲೂ ‘ಎಚ್ಚರಿಕೆ’ ಎಂದೇ ಬರೆಸಿದ್ದಾರೆ ಎನ್ನೋಣ. ಪ್ಯಾನೆಲ್ಲಿನೊಳಗಿನದು ಪ್ರಾಣ ತೆಗೆಯುತ್ತದೆ, ನೆಲದ ಮೇಲಿನದು ಜಾರಿಸಿ ಬೀಳಿಸುತ್ತದೆ, ಪ್ರೆಸ್ಸಿನದು ಬೆರಳು ಕತ್ತರಿಸುತ್ತದೆ. ನಿನ್ನೆ ಸೇರಿದ ಹೆಲ್ಪರ್ ದಿನವಿಡೀ ಎಣ್ಣೆಯ ನೆಲದ ಮೇಲೆ ಓಡಾಡುತ್ತಾನೆ, ಏನೂ ಆಗುವುದಿಲ್ಲ. ‘ಎಚ್ಚರಿಕೆ’ ಎಂದರೆ ಇಷ್ಟೇ ಎಂದು ಅವನಿಗೆ ಕಲಿಸಿಕೊಟ್ಟದ್ದು ಆ ಬೋರ್ಡೇ. ಅದೇ ಪಾಠ ಹೊತ್ತು ಅವನು ಪ್ರೆಸ್ಸಿನ ಮುಂದೆ ಕೂರುತ್ತಾನೆ.

ಬೋರ್ಡು ಬರೆಯುವವರು ಎರಡು ವಿಷಯಗಳನ್ನು ಬೇರೆ ಮಾಡಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಹಜಾರ್ಡ್ ಎನ್ನುವುದು ಅಪಾಯದ ಮೂಲ: ಕರೆಂಟು, ತಿರುಗುವ ಚಕ್ರ, ಕೆಳಗಿಳಿಯುವ ಪಂಚು. ಅದು ವಸ್ತು ಅಥವಾ ಶಕ್ತಿ. ಡೇಂಜರ್, ವಾರ್ನಿಂಗ್, ಕಾಷನ್ ಎನ್ನುವುವು ಆ ಮೂಲ ಮನುಷ್ಯನನ್ನು ತಾಕಿದರೆ ಎಷ್ಟು ಪೆಟ್ಟಾಗುತ್ತದೆ, ಎಷ್ಟು ಖಂಡಿತವಾಗಿ ಆಗುತ್ತದೆ ಎಂಬುದನ್ನು ಹೇಳುವ ಮಟ್ಟಗಳು. ಯಂತ್ರಗಳ ಮೇಲಿನ ಬೋರ್ಡುಗಳಿಗೆ ಅಮೆರಿಕದ ಆನ್ಸಿ ಝಡ್535 ಮಾನದಂಡ ಇವನ್ನು ಸ್ಪಷ್ಟವಾಗಿ ಬಿಡಿಸಿದೆ. ತಪ್ಪಿಸಿಕೊಳ್ಳದಿದ್ದರೆ ಸಾವು ಅಥವಾ ಗಂಭೀರ ಗಾಯ ಆಗಿಯೇ ತೀರುತ್ತದೆ ಎಂದಾದರೆ ಡೇಂಜರ್, ಕೆಂಪಿನ ಮೇಲೆ ಬಿಳಿ ಅಕ್ಷರ. ಸಾವು ಅಥವಾ ಗಂಭೀರ ಗಾಯ ಆಗಬಹುದು ಎಂದಾದರೆ ವಾರ್ನಿಂಗ್, ಕಿತ್ತಳೆಯ ಮೇಲೆ ಕಪ್ಪು. ಸಣ್ಣ ಅಥವಾ ಮಧ್ಯಮ ಗಾಯವಾಗಬಹುದು ಎಂದಾದರೆ ಕಾಷನ್, ಹಳದಿಯ ಮೇಲೆ ಕಪ್ಪು. ಯಂತ್ರಕ್ಕೋ ಮಾಲಿಗೋ ಮಾತ್ರ ಹಾನಿ ಎಂದಾದರೆ ಇವು ಮೂರೂ ಅಲ್ಲ; ಅದಕ್ಕೆ ನೀಲಿ ಬಣ್ಣದ ಸೂಚನೆ.

ಕನ್ನಡದಲ್ಲಿ ಈ ಮೂರು ಮೆಟ್ಟಿಲಿಗೆ ಪ್ರಾಣಾಪಾಯ, ಎಚ್ಚರಿಕೆ, ಜೋಪಾನ ಎಂದು ಬರೆಯುವುದು ನನ್ನ ಆಯ್ಕೆ. ಬೇರೆ ಪದಗಳನ್ನೂ ಆರಿಸಿಕೊಳ್ಳಬಹುದು. ಆದರೆ ಒಂದು ಕಾರ್ಖಾನೆಯೊಳಗೆ ಮೂರು ಮಟ್ಟಕ್ಕೆ ಮೂರೇ ಪದ ಇರಬೇಕು, ಅವು ಗೋಡೆಯಿಂದ ಗೋಡೆಗೆ ಬದಲಾಗಬಾರದು.

ಈಗ ಒಂದೇ ಒಂದು ಪ್ರೆಸ್ಸನ್ನು ತೆಗೆದುಕೊಂಡು ನೋಡೋಣ. ಹಳೆಯ ಮಾದರಿಯ ಕೀ ಕ್ಲಚ್ ಪವರ್ ಪ್ರೆಸ್. ಮೋಟರು ಭಾರದ ಫ್ಲೈವೀಲನ್ನು ಸದಾ ತಿರುಗಿಸುತ್ತಿರುತ್ತದೆ. ಕಾಲಿನಲ್ಲಿ ಪೆಡಲ್ ಒತ್ತಿದರೆ ಕ್ಲಚ್ ಹಿಡಿದು ರ‍್ಯಾಮ್ ಕೆಳಗಿಳಿಯುತ್ತದೆ, ಪಂಚು ಡೈ ಒಳಗೆ ಹೋಗಿ ಮೇಲೆ ಬರುತ್ತದೆ. ಈ ಕ್ಲಚ್ ಒಮ್ಮೆ ಹಿಡಿಯಿತೆಂದರೆ ಪೂರ್ತಿ ಒಂದು ಸುತ್ತು ಮುಗಿಯಲೇಬೇಕು. ಅರ್ಧದಲ್ಲಿ ಕೈ ಕಂಡಿತೆಂದು ನಿಲ್ಲಿಸಲಾಗದು. ಡೈ ಬಾಯಿ ತೆರೆದೇ ಇದ್ದು ಕೈಯಿಂದ ತುಂಡು ಇಟ್ಟು ತೆಗೆಯುವ ಕೆಲಸವಾದರೆ, ಪಂಚು ಇಳಿಯುವಾಗ ಒಳಗಿದ್ದ ಬೆರಳು ಉಳಿಯುವುದಿಲ್ಲ. ಇಲ್ಲಿ ‘ಆಗಬಹುದು’ ಎಂಬುದಕ್ಕೆ ಜಾಗವಿಲ್ಲ. ಇದು ಮೇಲಿನ ಮೆಟ್ಟಿಲು, ಕೆಂಪು ಬೋರ್ಡು.

ಅದೇ ಪ್ರೆಸ್ಸಿನ ಪಕ್ಕದಲ್ಲಿ ಫ್ಲೈವೀಲಿನ ಬೆಲ್ಟಿಗೆ ಜಾಲರಿಯ ಗಾರ್ಡ್ ಇದೆ. ಗಾರ್ಡ್ ಬಿಚ್ಚಿ ಹತ್ತಿರ ಹೋದರೆ ಅಂಗಿಯ ತೋಳು ಸಿಕ್ಕಿ ಕೈ ಎಳೆದುಕೊಳ್ಳಬಹುದು. ಪ್ರತಿ ಸಲ ಹಾಗಾಗುವುದಿಲ್ಲ, ಆದರೆ ಆದ ದಿನ ಗಾಯ ದೊಡ್ಡದು. ಇದು ಕಿತ್ತಳೆ. ಇನ್ನು ತಯಾರಾದ ತುಂಡುಗಳ ಟ್ರೇ: ಶೀಟಿನ ಅಂಚಿನ ಬರ್ ಬೆರಳು ಕೊಯ್ಯುತ್ತದೆ, ಪಟ್ಟಿ ಕಟ್ಟಿದರೆ ಮಾಯುತ್ತದೆ. ಇದು ಹಳದಿ.

ನೆಲದ ಎಣ್ಣೆಯದು ತೊಡಕಿನ ವಿಷಯ. ಓಡಾಡುವ ದಾರಿಯಲ್ಲಿ ಅದು ಸಾಮಾನ್ಯವಾಗಿ ಹಳದಿ ಮಟ್ಟದ್ದು. ಪೆಡಲ್ ಪಕ್ಕದಲ್ಲಿ ಅದೇ ಎಣ್ಣೆ ಚೆಲ್ಲಿದರೆ ಕಾಲು ಜಾರಿ ಪೆಡಲ್ ಮೇಲೆ ಬೀಳುತ್ತದೆ, ಕೈ ಡೈ ಒಳಗಿದ್ದಾಗಲೇ ರ‍್ಯಾಮ್ ಇಳಿಯುತ್ತದೆ. ಮೂಲ ಒಂದೇ ಆದರೂ ಜಾಗ ಬದಲಾದಾಗ ಮಟ್ಟ ಏರಿತು. ಅಂಗಡಿಯಿಂದ ತಂದ ಸಿದ್ಧ ಸ್ಟಿಕ್ಕರಿನಲ್ಲಿ ಇದು ಗೊತ್ತಾಗುವುದಿಲ್ಲ. ಯಂತ್ರದ ಮುಂದೆ ನಿಂತೇ ನಿರ್ಧರಿಸಬೇಕು. ಅಲ್ಲದೆ ಪೆಡಲ್ ಹತ್ತಿರದ ಎಣ್ಣೆಗೆ ಬೇಕಾದದ್ದು ಬೋರ್ಡೇ ಅಲ್ಲ, ನೆಲ ಒರೆಸುವುದು ಮತ್ತು ಪೆಡಲ್ಲಿಗೆ ಮೇಲುಮುಚ್ಚಳ ಹಾಕುವುದು. ಡೈ ಬಾಯಿಗೂ ಹಾಗೆಯೇ. ಮೊದಲು ಬೆರಳು ತೂರದಂಥ ಗಾರ್ಡ್, ತುಂಡು ತೆಗೆಯಲು ಇಕ್ಕಳ, ಆಮೇಲೆ ಬೋರ್ಡು.

ಇನ್ನೊಂದು ಅಪಾಯವನ್ನು ಬೋರ್ಡುಗಳು ಮರೆತೇಬಿಡುತ್ತವೆ. ಸ್ವಿಚ್ ಆರಿಸಿದ ಮೇಲೂ ಫ್ಲೈವೀಲ್ ತನ್ನ ವೇಗದಲ್ಲಿ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಆಗ ಪೆಡಲ್ ತಾಗಿದರೂ ರ‍್ಯಾಮ್ ಇಳಿಯುತ್ತದೆ. ಡೈ ಬದಲಿಸಲು ಬಂದ ಫಿಟ್ಟರ್ ‘ಕರೆಂಟ್ ಇಲ್ಲವಲ್ಲ’ ಎಂದು ಕೈ ಹಾಕುವುದು ಇಂಥ ಹೊತ್ತಿನಲ್ಲೇ. ಹಾಗೆಯೇ ಕ್ಲಚ್ಚಿನ ಕೀ ಸವೆದಿದ್ದರೆ ಪೆಡಲ್ ಒತ್ತದೆಯೇ ರ‍್ಯಾಮ್ ಎರಡನೇ ಸಲ ಇಳಿಯುವುದುಂಟು. ಆದ್ದರಿಂದ ಬೋರ್ಡಿನಲ್ಲಿ ಮೊದಲ ಪದದ ಕೆಳಗೆ ಮೂರು ವಿಷಯ ಇರಬೇಕು: ಮೂಲ ಯಾವುದು, ಏನಾಗುತ್ತದೆ, ಏನು ಮಾಡಬೇಕು. ‘ಪ್ರಾಣಾಪಾಯ’ ಎಂದರೆ ಬೆರಳಿನ ವಿಷಯಕ್ಕೆ ಅತಿಯಾಯಿತು ಅನ್ನಿಸಬಹುದು. ಆದರೆ ಈ ಮೆಟ್ಟಿಲಲ್ಲಿ ಸಾವೂ ಸೇರಿದೆ, ಅಂಗ ಹೋಗುವ ಗಾಯವೂ ಸೇರಿದೆ. ಈ ಪ್ರೆಸ್ಸಿಗೆ ನಾನು ಬರೆಸುವುದು ಹೀಗೆ: ‘ಪ್ರಾಣಾಪಾಯ. ಪಂಚು ಬೆರಳು ಕತ್ತರಿಸುತ್ತದೆ. ಡೈ ಒಳಗೆ ಕೈ ಹಾಕಬೇಡಿ, ಇಕ್ಕಳ ಬಳಸಿ. ಸ್ವಿಚ್ ಆರಿಸಿದರೂ ಚಕ್ರ ಪೂರ್ತಿ ನಿಲ್ಲುವವರೆಗೆ ಕಾಯಿರಿ.’ ‘ಸುರಕ್ಷತೆಯೇ ಮೊದಲು’ ಎಂದು ಬರೆದ ದೊಡ್ಡ ಫಲಕದಿಂದ ಈ ಫಿಟ್ಟರಿಗೆ ಒಂದು ವಿಷಯವೂ ತಿಳಿಯುವುದಿಲ್ಲ.

ರಾಸಾಯನಿಕದ ಡ್ರಮ್ಮುಗಳ ಮೇಲೆ ಲೆಕ್ಕವೇ ಬೇರೆ. ಅವುಗಳ ಲೇಬಲ್ಲಿಗೆ ವಿಶ್ವಸಂಸ್ಥೆಯ ಜಿಎಚ್‌ಎಸ್ ಪದ್ಧತಿಯಲ್ಲಿ ಡೇಂಜರ್, ವಾರ್ನಿಂಗ್ ಎಂಬ ಎರಡೇ ಪದಗಳಿವೆ, ಕಾಷನ್ ಇಲ್ಲ. ಚರ್ಮ ಸುಟ್ಟು ಹಾಳಾಗುವ ಗಟ್ಟಿ ಕಾಸ್ಟಿಕ್ ಸೋಡಾಕ್ಕೆ ಡೇಂಜರ್. ತುಂಬ ತೆಳುವಾಗಿಸಿ ಚರ್ಮಕ್ಕೆ ಉರಿಯಷ್ಟೇ ಆಗುವ ದ್ರಾವಣಕ್ಕೆ ವಾರ್ನಿಂಗ್. ಅಂದರೆ ಡ್ರಮ್ಮಿನ ಮೇಲಿನ ವಾರ್ನಿಂಗ್ ಕೆಳಮೆಟ್ಟಿಲಿನ ಮಾತು, ಯಂತ್ರದ ಮೇಲಿನ ವಾರ್ನಿಂಗ್ ಪ್ರಾಣಕ್ಕೇ ಸಂಬಂಧಿಸಿದ್ದು. ಎರಡೂ ಒಂದೇ ಶಾಪಿನಲ್ಲಿ ಇರುತ್ತವೆ. ಡ್ರಮ್ ನೋಡಿ ರೂಢಿಯಾದವನಿಗೆ ಯಂತ್ರದ ಪದ ಹಗುರವಾಗಿ ಕಾಣುವುದು ಸಹಜ. ಈ ವ್ಯತ್ಯಾಸವನ್ನು ಕೆಲಸಗಾರರಿಗೆ ಬಾಯಿಬಿಟ್ಟು ಹೇಳಲೇಬೇಕು.

ಓದಲು ಬಾರದವರಿಗೆ, ಒಡಿಶಾ ಬಿಹಾರಗಳಿಂದ ಬಂದವರಿಗೆ ಚಿತ್ರವೇ ದಾರಿ. ಆದರೆ ಹಳದಿ ತ್ರಿಕೋನ ಹೇಳುವುದು ‘ಇಲ್ಲಿ ಇಂಥ ಅಪಾಯವಿದೆ’ ಎಂದಷ್ಟೇ, ಮಟ್ಟವನ್ನಲ್ಲ. ಕರೆಂಟಿನ ಮಿಂಚಿಗೂ ಜಾರುವ ಮನುಷ್ಯನ ಚಿತ್ರಕ್ಕೂ ಒಂದೇ ತ್ರಿಕೋನ. ಆದ್ದರಿಂದ ಮೇಲಿನ ಪಟ್ಟಿಯ ಬಣ್ಣ ಮಾಸದಂತೆ ನೋಡಿಕೊಳ್ಳಬೇಕು. ಕಿತ್ತಳೆ ಬಿಸಿಲಿಗೆ ಬಣ್ಣಗೆಟ್ಟು ಹಳದಿಯಂತೆ ಕಂಡರೆ ಒಂದು ಮೆಟ್ಟಿಲು ಕೆಳಗಿಳಿದ ಹಾಗೆ.

ಬೋರ್ಡು ಅರ್ಥವಾಗುತ್ತದೆಯೇ ಎಂದು ತಿಳಿಯಲೂ ಮಾನದಂಡವಿದೆ. ಆನ್ಸಿ ಝಡ್535ರ ಪ್ರಕಾರ ಚಿತ್ರ ತೋರಿಸಿ ಕೇಳಿದಾಗ ಕನಿಷ್ಠ ಶೇ 85 ಮಂದಿ ಸರಿಯಾಗಿ ಹೇಳಬೇಕು, ಅಪಾಯಕ್ಕೇ ಒಯ್ಯುವಂಥ ತಿರುವುಮುರುವಾದ ಅರ್ಥ ಹೇಳುವವರು ಶೇ 5 ಮೀರಬಾರದು. ಸಣ್ಣ ಶಾಪಿನಲ್ಲಿ ಇದನ್ನು ಊಟದ ಬಿಡುವಿನಲ್ಲೇ ಮಾಡಬಹುದು. ಮಾಲೀಕರೇ, ಸೂಪರ್‌ವೈಸರ್‌ಗಳೇ, ಹೊಸ ಬೋರ್ಡು ಗೋಡೆಗೆ ಹೊಡೆಸುವ ಮುನ್ನ ಅದನ್ನು ಹೊಸಬರ ಕೈಗೆ ಕೊಡಿ, ಅರ್ಥ ಹೇಳಿಕೊಡಬೇಡಿ. ‘ಇದರಿಂದ ಏನಾಗುತ್ತದೆ, ನೀನು ಏನು ಮಾಡುತ್ತೀಯ’ ಎಂದು ಕೇಳಿ. ಬೆರಳು ಹೋಗುತ್ತದೆ ಎಂಬ ಉತ್ತರ ಬಾರದಿದ್ದರೆ ಆ ಬೋರ್ಡನ್ನು ವಾಪಸು ಕಳಿಸಿ ಮತ್ತೆ ಬರೆಸಿ.